ಶಾಲಾ ಕಬಡ್ಡಿ ಫೈನಲ್‌ಗೆ ಕಾಮೆಂಟ್ರಿ: ನಿಯಮ ಗೊತ್ತಿಲ್ಲದವರೂ ಕೂಗುವಂತೆ ಸ್ಕ್ರಿಪ್ಟ್ ಬರೆಯುವ ಕ್ರಮ

ದಾವಣಗೆರೆ ಕಡೆಯ ಶಾಲಾ ಫೈನಲ್‌ಗಳಲ್ಲಿ ಮೈಕ್ ಹಿಡಿದವರು ಎರಡು ರೀತಿಯಲ್ಲಿ ಸೋಲುತ್ತಾರೆ. ಕೆಲವರು ಆಟ ಶುರುವಾಗುವ ಮುಂಚೆಯೇ ನಿಯಮ ಪುಸ್ತಕ ಓದುತ್ತಾರೆ. ಜನ ಅಷ್ಟೊತ್ತಿಗೆ ಮಂಡಕ್ಕಿ ಗಾಡಿ ಹತ್ತಿರ ಹೋಗಿರುತ್ತಾರೆ. ಇನ್ನು ಕೆಲವರು ಮೊದಲಿಂದ ಕೊನೆವರೆಗೆ "ಅದ್ಭುತ! ಅಮೋಘ!" ಅಂತ ಕಿರುಚುತ್ತಾರೆ. ಮಗಳ ಆಟ ನೋಡಲು ಜಗಳೂರಿನಿಂದಲೋ ಹೊನ್ನಾಳಿಯಿಂದಲೋ ಬಂದ ತಾಯಿಗೆ ಒಂದೇ ಅನುಮಾನ: "ಒಬ್ಬಳನ್ನೇ ಹಿಡಿದ್ರಲ್ಲ, ಎರಡು ಪಾಯಿಂಟ್ ಯಾಕೆ ಕೊಟ್ರಿ?" ಅದಕ್ಕೆ ಉತ್ತರ ಸಿಗುವುದೇ ಇಲ್ಲ.

ನಾನು ಎರಡೂ ತಪ್ಪು ಮಾಡಿದ್ದೇನೆ. ಈಗ ಅನುಸರಿಸುವ ಕ್ರಮ ಕೆಳಗಿದೆ. ಇದರ ತಿರುಳು ಇಷ್ಟೇ: ನಿಯಮ ಆಟದ ಹಿಂದೆ ಬರಬೇಕು, ಮುಂದೆ ಅಲ್ಲ. ಏನೋ ನಡೆಯಿತು, ಜನಕ್ಕೆ ಕುತೂಹಲ ಹುಟ್ಟಿತು, ಆ ಕ್ಷಣಕ್ಕೆ ಉತ್ತರ ಕೊಡಬೇಕು. ಅದಕ್ಕೆ ಸಿಗುವ ಸಮಯ ಎಷ್ಟು ಕಡಿಮೆ ಅಂತ ಗೊತ್ತಾದರೆ ಸ್ಕ್ರಿಪ್ಟ್ ಹೇಗಿರಬೇಕು ಅಂತ ತಾನಾಗಿಯೇ ತಿಳಿಯುತ್ತದೆ.

## ಹಂತ 1: ಪಂದ್ಯಕ್ಕೆ ಮುಂಚೆ ರೆಫರಿಯನ್ನು ಕೇಳಿ

ಟಿವಿಯಲ್ಲಿ ನೋಡಿದ ನಿಯಮವೇ ನಿಮ್ಮ ಶಾಲಾ ಮೈದಾನದಲ್ಲೂ ಇರುತ್ತದೆ ಅಂತ ನಂಬಬೇಡಿ. ರೆಫರಿ ಸರ್ ಹತ್ತಿರ ಹೋಗಿ ಮೂರು ವಿಷಯ ಕೇಳಿ ಬರೆದುಕೊಳ್ಳಿ.

ಮೊದಲನೆಯದು, ಒಂದು ಅವಧಿ ಎಷ್ಟು ನಿಮಿಷ. ದೊಡ್ಡ ಗಂಡಸರ ಪಂದ್ಯಕ್ಕೆ 20 ನಿಮಿಷ, 5 ನಿಮಿಷ ವಿರಾಮ, ಮತ್ತೆ 20 ನಿಮಿಷ. ಹೆಂಗಸರ ಪಂದ್ಯಕ್ಕೆ 15, 5, 15. ಶಾಲಾ ಪಂದ್ಯದಲ್ಲಿ ಒಂದೇ ದಿನ ಎಲ್ಲ ಮುಗಿಸಬೇಕು ಅಂತ ಇನ್ನೂ ಇಳಿಸಿರಬಹುದು.

ಎರಡನೆಯದು, 'ಡು ಆರ್ ಡೈ' ರೈಡ್ ಇದೆಯೋ ಇಲ್ಲವೋ. ಅಂದರೆ ಒಂದು ತಂಡದ ಎರಡು ರೈಡ್ ಸಾಲಾಗಿ ಖಾಲಿ ಹೋದರೆ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು, ಇಲ್ಲದಿದ್ದರೆ ರೈಡರ್ ಔಟ್. ಇದು ಟಿವಿಯಲ್ಲಿ ಇದ್ದೇ ಇರುತ್ತದೆ, ಎಲ್ಲ ಶಾಲಾ ಪಂದ್ಯದಲ್ಲೂ ಇರುವುದಿಲ್ಲ. ಇಲ್ಲದ ನಿಯಮವನ್ನು ನೀವು ಮೈಕಲ್ಲಿ ಸಾರಿದರೆ ಮಕ್ಕಳೇ ಗಲಿಬಿಲಿ ಆಗುತ್ತಾರೆ.

ಮೂರನೆಯದು, ಸಮಬಲವಾದರೆ ಏನು. ಸಾಮಾನ್ಯವಾಗಿ ಎರಡೂ ತಂಡಕ್ಕೆ ಐದೈದು ರೈಡ್ ಕೊಡುತ್ತಾರೆ. ಆಗ ಔಟಾದವರು ಹೊರಗೆ ಹೋಗುವುದೂ ಇಲ್ಲ, ಯಾರೂ ಒಳಗೆ ಬರುವುದೂ ಇಲ್ಲ, ಬರೀ ಪಾಯಿಂಟ್ ಎಣಿಕೆ. ಆಟದ ಸ್ವರೂಪವೇ ಬದಲಾಗುವುದರಿಂದ ಇದಕ್ಕೆ ಒಂದು ಪುಟ್ಟ ಸ್ಕ್ರಿಪ್ಟ್ ಮೊದಲೇ ಬರೆದು ಜೇಬಲ್ಲಿ ಇಡಿ.

ಜೊತೆಗೆ ಪಿ.ಟಿ. ಮೇಷ್ಟ್ರ ಹತ್ತಿರ ಎರಡೂ ತಂಡದ ಹೆಸರಿನ ಪಟ್ಟಿ ತಗೊಳ್ಳಿ. ಜರ್ಸಿ ನಂಬರ್ ಪ್ರಕಾರ ಜೋಡಿಸಿ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಹೆಸರು ತಪ್ಪಾಗಿ ಕೂಗಿದರೆ ಆ ಮಗುವಿನ ಇಡೀ ಊರು ನಿಮ್ಮನ್ನು ಕ್ಷಮಿಸುವುದಿಲ್ಲ.

## ಹಂತ 2: ಮೈಕ್ ಎಲ್ಲಿ, ಹಾರ್ನ್ ಯಾವ ಕಡೆ

ಇದನ್ನು ಯಾರೂ ಯೋಚಿಸುವುದಿಲ್ಲ, ಆದರೆ ಪಂದ್ಯ ಹಾಳಾಗುವುದು ಇಲ್ಲಿಂದಲೇ. ರೈಡರ್ "ಕಬಡ್ಡಿ ಕಬಡ್ಡಿ" ಅನ್ನುವುದು ಅಂಪೈರ್ ಕಿವಿಗೆ ಬೀಳಲೇಬೇಕು. ಸದ್ದು ನಿಂತರೆ ರೈಡ್ ಮುಗಿಯಿತು. ಶಾಮಿಯಾನದ ಕಂಬಕ್ಕೆ ಕಟ್ಟಿದ ಹಾರ್ನ್ ಅಂಕಣದ ಕಡೆ ಮುಖ ಮಾಡಿದ್ದರೆ ನಿಮ್ಮ ದನಿಯಲ್ಲಿ ಆ ಮಗುವಿನ ದನಿ ಮುಳುಗುತ್ತದೆ. ಮೈಕ್ ಸೆಟ್‌ನವರಿಗೆ ಹೇಳಿ ಹಾರ್ನ್‌ಗಳನ್ನು ಜನರ ಕಡೆ, ಅಂಕಣಕ್ಕೆ ಬೆನ್ನು ಮಾಡಿ ತಿರುಗಿಸಿ.

ಸರಿಯಾಗಿದೆಯಾ ಅಂತ ನೋಡಲು ಒಂದು ಪರೀಕ್ಷೆ ಮಾಡಿ. ಅಭ್ಯಾಸದ ಹೊತ್ತಲ್ಲಿ ಒಬ್ಬ ಹುಡುಗಿಯನ್ನು ಅಂಕಣಕ್ಕೆ ಇಳಿಸಿ ಕಬಡ್ಡಿ ಅನ್ನಿಸಿ, ನೀವು ಮಾಮೂಲಿ ದನಿಯಲ್ಲಿ ಮಾತಾಡಿ. ಗೆರೆ ಪಕ್ಕ ನಿಂತ ಅಂಪೈರ್‌ಗೆ ಅವಳ ದನಿ ಕೇಳದಿದ್ದರೆ ವಾಲ್ಯೂಮ್ ಇಳಿಸಿ. ಪಂದ್ಯದ ನಡುವೆ ಅಂಪೈರ್ ನಿಮ್ಮ ಕಡೆ ಪದೇ ಪದೇ ತಿರುಗಿ ನೋಡಿದರೂ ಅದೇ ಅರ್ಥ.

ನೀವು ಕೂರಬೇಕಾದದ್ದು ನಡುಗೆರೆಯ ನೇರಕ್ಕೆ, ಸಾಧ್ಯವಾದರೆ ಬೆಂಚಿನ ಮೇಲೆ ಬೆಂಚು ಹಾಕಿ ಸ್ವಲ್ಪ ಎತ್ತರದಲ್ಲಿ. ಪಕ್ಕದಲ್ಲಿ ಒಬ್ಬ ಚುರುಕು ಹುಡುಗ ಬೇಕು. ಅವನ ಕೆಲಸ ಎರಡೇ: ಯಾವ ತಂಡದಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ ಬೆರಳಲ್ಲಿ ತೋರಿಸುವುದು, ಸ್ಕೋರರ್ ಮೇಜಿನಿಂದ ಅಂಕ ತರುವುದು. ಅಂಕ ನೀವೇ ಕೂಡಿಸಲು ಹೋಗಬೇಡಿ. ಮಾತಾಡುತ್ತಾ ಲೆಕ್ಕ ಮಾಡಿದವರೆಲ್ಲ ತಪ್ಪಿದ್ದಾರೆ.

## ಹಂತ 3: ಆರಂಭಕ್ಕೆ ಮೂರೇ ಮಾತು

ಪಂದ್ಯಕ್ಕೆ ಮುಂಚೆ ಹೇಳಬೇಕಾದ ನಿಯಮ ಮೂರೇ. ಆಟಗಾರ್ತಿಯರು ಮೈ ಬಿಸಿ ಮಾಡಿಕೊಳ್ಳುವಾಗ ಇದನ್ನು ಹೇಳಿ ಮುಗಿಸಿ:

"ಒಂದು ಕಡೆ ಏಳು ಜನ. ಒಬ್ಬಳು ಕಬಡ್ಡಿ ಅಂತ ಉಸುರುತ್ತಾ ಎದುರು ಮನೆಗೆ ಹೋಗ್ತಾಳೆ, ಅವಳು ರೈಡರ್. ಅವಳಿಗೆ ಇರೋದು 30 ಸೆಕೆಂಡು. ಮುಟ್ಟಿ ವಾಪಸ್ ಬಂದ್ರೆ ಮುಟ್ಟಿಸಿಕೊಂಡವರು ಔಟ್, ಹಿಡಿದು ನಿಲ್ಲಿಸಿದ್ರೆ ಇವಳೇ ಔಟ್. ಔಟಾದೋರು ಪಕ್ಕದಲ್ಲಿ ಕೂತಿರ್ತಾರೆ, ತಮ್ಮ ತಂಡ ಎದುರಿನೋರನ್ನ ಔಟ್ ಮಾಡಿದಾಗ ಎದ್ದು ಬರ್ತಾರೆ."

ಇಷ್ಟೇ. ಬೋನಸ್, ಲಾಬಿ, ಲೋನಾ ಇಲ್ಲಿ ಬೇಡ. ಆಗದ ಘಟನೆಯ ನಿಯಮ ಯಾರ ತಲೆಯಲ್ಲೂ ನಿಲ್ಲುವುದಿಲ್ಲ.

ಒಂದು ಸೇರಿಸಬಹುದು: ಗೆರೆಗಳ ಹೆಸರು. ಬಾಕ್ ಲೈನ್, ಬೋನಸ್ ಲೈನ್ ಅಂತ ಹೇಳಿದರೆ ಹೊಸಬರಿಗೆ ಎರಡೂ ಒಂದೇ ಸುಣ್ಣದ ಗೆರೆ. ನಾನು ನಡುಗೆರೆಯಿಂದ ಎಣಿಸಿ "ಮೊದಲ ಗೆರೆ, ಎರಡನೇ ಗೆರೆ" ಅನ್ನುತ್ತೇನೆ. ಮೊದಲನೆಯದು ಬಾಕ್, ಅದರಿಂದ ಒಂದು ಮೀಟರ್ ಆಚೆಗೆ ಇರುವ ಎರಡನೆಯದು ಬೋನಸ್. ಪಂದ್ಯ ಪೂರ್ತಿ ಅದೇ ಹೆಸರು ಬಳಸಿ. ನಡುವೆ ಬದಲಾಯಿಸಿದರೆ ಜನ ಮತ್ತೆ ಮೊದಲಿಗೆ ಬರುತ್ತಾರೆ.

## ಹಂತ 4: ಒಂದು ರೈಡಿನ ಒಳಗೆ ಎಲ್ಲಿ ಮಾತು, ಎಲ್ಲಿ ಮೌನ

ಇದೇ ಮುಖ್ಯ ಹಂತ, ನಿಧಾನವಾಗಿ ಓದಿ.

ಒಂದು ರೈಡ್ ಮುಗಿದ ಮೇಲೆ ಎದುರು ತಂಡ 5 ಸೆಕೆಂಡಿನೊಳಗೆ ತನ್ನ ರೈಡರನ್ನು ಕಳಿಸಬೇಕು. ಕ್ರಿಕೆಟ್‌ನ ಹಾಗೆ ಓವರ್ ಮಧ್ಯೆ ಬಿಡುವು ಇಲ್ಲ. ಐದು ಸೆಕೆಂಡಲ್ಲಿ ಸ್ಪಷ್ಟವಾಗಿ ಹೇಳಬಹುದಾದದ್ದು ಹತ್ತು ಹನ್ನೆರಡು ಪದ. ನಿಮ್ಮ ನಿಯಮದ ಸಾಲು ಅದಕ್ಕಿಂತ ಉದ್ದ ಇದ್ದರೆ ಮುಂದಿನ ರೈಡನ್ನು ಅದು ತಿನ್ನುತ್ತದೆ.

ಆದರೆ ಒಂದು ಗುಟ್ಟಿದೆ. ಹೆಚ್ಚಿನ ರೈಡರ್‌ಗಳು ಒಳಗೆ ಹೋದ ತಕ್ಷಣ ಮೇಲೆ ಬೀಳುವುದಿಲ್ಲ. ಮೊದಲ ಏಳೆಂಟು ಸೆಕೆಂಡು ಆ ಕಡೆ ಈ ಕಡೆ ಓಡಾಡಿ ಯಾರು ಎಲ್ಲಿ ನಿಂತಿದ್ದಾರೆ ಅಂತ ಅಳೆಯುತ್ತಾರೆ. ಉಳಿದ ಮಾತನ್ನು ಅಲ್ಲಿ ಮುಗಿಸಬಹುದು. ರೈಡರ್ ಮೊದಲ ಗೆರೆ ದಾಟಿದ ಕ್ಷಣ ನಿಯಮದ ಮಾತು ನಿಲ್ಲಬೇಕು, ಅರ್ಧ ಆಗಿದ್ದರೂ ಸರಿ. ಅಲ್ಲಿಂದ ಬರೀ ಹೆಸರು ಮತ್ತು ಚಲನೆ: "ಎಡ ಮೂಲೆ… ಕಾಲು ಚಾಚಿದಳು… ಹಿಂದೆ…" ಹಿಡಿದಾಟ ಶುರುವಾದಾಗ ಒಂದೆರಡು ಸೆಕೆಂಡು ಪೂರ್ತಿ ಸುಮ್ಮನಿರಿ. ಆಗ ಜನ ಕೂಗುತ್ತಾರೆ. ಆ ಕೂಗು ನಿಮ್ಮ ಕೂಗಿಗಿಂತ ಚೆನ್ನಾಗಿರುತ್ತದೆ.

ಆಮೇಲೆ ತೀರ್ಪು. ಅಂಪೈರ್ ಕೈ ಎತ್ತುವ ಮುಂಚೆ "ಔಟ್" ಅನ್ನಬೇಡಿ. ಒಂದು ಫೈನಲ್‌ನಲ್ಲಿ ಹುಡುಗಿ ಲಾಬಿಗೆ, ಅಂದರೆ ಯಾರನ್ನಾದರೂ ಮುಟ್ಟುವವರೆಗೆ ಮುಚ್ಚಿರುವ ಅಂಕಣದ ಪಕ್ಕದ ಪಟ್ಟಿಗೆ, ಕಾಲಿಟ್ಟಿದ್ದನ್ನು ನೋಡಿ ನಾನು "ಔಟ್! ಔಟ್!" ಅಂದುಬಿಟ್ಟೆ. ಅವಳು ಅದಕ್ಕೆ ಮುಂಚೆಯೇ ಒಬ್ಬಳ ಮೊಣಕೈ ಸವರಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಂಪೈರ್ ಪಾಯಿಂಟ್ ಕೊಟ್ಟರು. ಎದುರು ಊರಿನವರು ಮೈದಾನಕ್ಕೆ ನುಗ್ಗಿದರು, ಯಾಕಂದರೆ ಮೈಕಲ್ಲೇ ಔಟ್ ಅಂದಿದ್ದರಲ್ಲ! ಹತ್ತು ನಿಮಿಷ ಆಟ ನಿಂತಿತು. ಅವತ್ತಿನಿಂದ ನನ್ನ ಮೊದಲ ಸಾಲು ಯಾವಾಗಲೂ "ಅಂಪೈರ್ ಕೈ ನೋಡಿ!" ಅನ್ನೋದು. ಅದರಲ್ಲಿ ಕುತೂಹಲವೂ ಉಳಿಯುತ್ತದೆ, ಜಗಳವೂ ತಪ್ಪುತ್ತದೆ.

## ಹಂತ 5: ನಿಯಮದ ಚೀಟಿಗಳು

ಒಂದೊಂದು ನಿಯಮಕ್ಕೆ ಒಂದೊಂದು ರಟ್ಟಿನ ಚೀಟಿ. ಪ್ರತಿ ಚೀಟಿಯಲ್ಲೂ ಉದ್ದ ಸಾಲು ಒಂದು, ಗಿಡ್ಡ ಸಾಲು ಒಂದು. ಘಟನೆ ಮೊದಲ ಸಲ ಆದಾಗ ಉದ್ದದ್ದು. ಎರಡನೇ ಸಲ ಗಿಡ್ಡದ್ದು. ಮೂರನೇ ಸಲದಿಂದ ಬರೀ ಹೆಸರು. ಎಷ್ಟು ಸಲ ಹೇಳಿದ್ದೀರಿ ಅಂತ ಚೀಟಿಯ ಮೂಲೆಯಲ್ಲಿ ಪೆನ್ಸಿಲ್ ಗೀಟು ಹಾಕಿ.

ನನ್ನ ಚೀಟಿಗಳು ಹೀಗಿವೆ.

ಬೋನಸ್. ಉದ್ದ: "ಎದುರಿಗೆ ಆರು ಜನವೋ ಏಳು ಜನವೋ ಇದ್ರೆ, ಎರಡನೇ ಗೆರೆ ದಾಟಿದ್ರೇ ಒಂದು ಪಾಯಿಂಟ್!" ಗಿಡ್ಡ: "ಎರಡನೇ ಗೆರೆ, ಬೋನಸ್!" ಮುಂದಿನ ಕಾಲು ಗೆರೆಯಾಚೆ ಊರಿದಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು ಅನ್ನುವುದನ್ನು ಮೊದಲೇ ಹೇಳಬೇಡಿ. ಬೋನಸ್ ಕೊಡದೆ ಹೋದಾಗ ಜನ "ದಾಟಿದಳಲ್ಲ!" ಅನ್ನುತ್ತಾರೆ. ಆಗ ಹೇಳಿ.

ಮೊದಲ ಗೆರೆ. "ಯಾರನ್ನೂ ಮುಟ್ಟದೆ, ಮೊದಲ ಗೆರೆಯನ್ನೂ ದಾಟದೆ ಬಂದ್ರೆ ರೈಡರೇ ಔಟ್."

ಲಾಬಿ. "ಪಕ್ಕದ ಪಟ್ಟಿ ಈಗ ಮುಚ್ಚಿದೆ. ಯಾರನ್ನಾದ್ರೂ ಮುಟ್ಟಿದ ಮೇಲಷ್ಟೇ ಅದು ಆಟದ ಜಾಗ." ಗಿಡ್ಡ: "ಮುಟ್ಟಿದಳು, ಪಟ್ಟಿ ತೆರೆಯಿತು!" ಮುಚ್ಚಿದ ಬಾಗಿಲು, ತೆರೆದ ಬಾಗಿಲು ಅಂತ ಹೇಳಿದರೆ ಚಿಕ್ಕ ಮಕ್ಕಳಿಗೂ ತಿಳಿಯುತ್ತದೆ.

ವಾಪಸ್ ಬರುವುದು. "ಎದುರಿನೋರು ಒಬ್ಬರು ಔಟ್, ಇವರೋರು ಒಬ್ಬರು ಒಳಗೆ. ಮೊದಲು ಹೋದೋರೇ ಮೊದಲು." ಬೋನಸ್ ಪಾಯಿಂಟ್‌ಗೆ ಯಾರೂ ವಾಪಸ್ ಬರುವುದಿಲ್ಲ. ಬೋನಸ್ ಬಂದರೂ ತಂಡದ ಸಂಖ್ಯೆ ಏರದಿದ್ದಾಗ ಹೊಸಬರು ಗೊಂದಲಪಡುವುದು ಇಲ್ಲೇ ಜಾಸ್ತಿ.

ಸೂಪರ್ ಟ್ಯಾಕಲ್. "ಮೂರೇ ಜನ ಇದ್ದು ಹಿಡಿದ್ರು! ಒಂದಲ್ಲ, ಎರಡು ಪಾಯಿಂಟ್!" ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದಾಗ ಮಾತ್ರ ಇದು.

ಲೋನಾ. "ಪೂರ್ತಿ ಮನೆ ಖಾಲಿ! ಇನ್ನೂ ಎರಡು ಪಾಯಿಂಟ್. ಏಳೂ ಜನ ಮತ್ತೆ ಒಳಗೆ."

ಇದಕ್ಕಿಂತ ಜಾಸ್ತಿ ಚೀಟಿ ಬೇಡ. ಹಸಿರು, ಹಳದಿ ಕಾರ್ಡ್ ಬಂದರೆ ರೆಫರಿ ಏನು ಸನ್ನೆ ಮಾಡಿದರೋ ಅಷ್ಟನ್ನೇ ಹೇಳಿ.

## ಹಂತ 6: ಕೊನೆಯ ನಾಲ್ಕು ನಿಮಿಷದ ಒಂದು ಮಾದರಿ

ಒಂದು ಕಲ್ಪಿತ ಫೈನಲ್ ತಗೊಳ್ಳೋಣ. ಹೈಸ್ಕೂಲ್ ಹುಡುಗಿಯರು, ಕೆಂಪು ಮತ್ತು ನೀಲಿ ತಂಡ. ನೀಲಿ 23, ಕೆಂಪು 21. ನೀಲಿ ಮನೆಯಲ್ಲಿ ಉಳಿದವರು ಮೂವರು, ಕೆಂಪು ಪೂರ್ತಿ ಏಳು. ಈ ಪಂದ್ಯದಲ್ಲಿ ಸೂಪರ್ ಟ್ಯಾಕಲ್ ಇನ್ನೂ ಆಗಿಲ್ಲ. ಲೋನಾ ಮೊದಲ ಅವಧಿಯಲ್ಲಿ ಒಂದು ಸಲ ಆಗಿದೆ. ನೀವು ಹೆಸರು ಕೂಗುತ್ತೀರಿ, ನಾನಿಲ್ಲಿ ನಂಬರ್ ಬರೆಯುತ್ತೇನೆ.

ಮೊದಲ ರೈಡ್, ಕೆಂಪು. "ಕೆಂಪು ಏಳನೇ ನಂಬರ್ ಒಳಗೆ. ನೀಲಿ ಮನೆಯಲ್ಲಿ ಮೂವರೇ… ಬಲಕ್ಕೆ ಹೋದಳು… ಎಡಕ್ಕೆ… ಪಾದಕ್ಕೆ ಕೈ ಬಿತ್ತು!" (ಮೌನ. ಜನ ಕೂಗಲಿ.) "ಅಂಪೈರ್ ಕೈ ನೋಡಿ… ನೀಲಿಗೆ! ಮೂರೇ ಜನ ಇದ್ದು ಹಿಡಿದ್ರು! ಒಂದಲ್ಲ, ಎರಡು ಪಾಯಿಂಟ್! 25, 21."

"ಮೂವರೇ" ಅನ್ನುವ ಮಾತನ್ನು ರೈಡ್ ಶುರುವಿನಲ್ಲೇ ಬಿತ್ತಿದ್ದು ನೋಡಿ. ನಿಯಮ ಹೇಳಲಿಲ್ಲ, ಸಂಖ್ಯೆ ಮಾತ್ರ ಹೇಳಿದೆವು. ಹಿಡಿದ ಮೇಲೆ ಆ ಸಂಖ್ಯೆಗೆ ಅರ್ಥ ಬಂತು.

ಎರಡನೇ ರೈಡ್, ನೀಲಿ. ಈಗ ನೀಲಿ ನಾಲ್ಕು, ಕೆಂಪು ಆರು. "ನೀಲಿ ನಾಲ್ಕನೇ ನಂಬರ್. ಎದುರಿಗೆ ಆರು ಜನ… ಎರಡನೇ ಗೆರೆ ಮೇಲೆ ಕಣ್ಣು… ಚಾಚಿದಳು! ವಾಪಸ್! ಅಂಪೈರ್ ಕೈ… ಬೋನಸ್! 26, 21. ನೀಲಿ ಇನ್ನೂ ನಾಲ್ಕೇ ಜನ, ಬೋನಸ್‌ಗೆ ಯಾರೂ ಎದ್ದು ಬರಲ್ಲ."

ಮೂರನೇ ರೈಡ್, ಕೆಂಪು. "ಕೆಂಪು ಹತ್ತನೇ ನಂಬರ್. ಐದು ಪಾಯಿಂಟ್ ಹಿಂದೆ… ಮುಟ್ಟಿದಳು, ಪಟ್ಟಿ ತೆರೆಯಿತು! ಎಳೀತಿದ್ದಾರೆ… ನಡುಗೆರೆ!" (ಮೌನ.) "ಅಂಪೈರ್ ಎರಡು ಬೆರಳು! ಇಬ್ಬರು ಔಟ್! 26, 23. ಕೆಂಪು ಮತ್ತೆ ಏಳು. ನೀಲಿ ಎರಡೇ!"

ಇಲ್ಲಿ ಒಂದು ಸೂಕ್ಷ್ಮ ಇದೆ. ಇಬ್ಬರನ್ನು ಔಟ್ ಮಾಡಿದರೂ ಕೆಂಪಿಗೆ ಒಬ್ಬಳೇ ವಾಪಸ್ ಬಂದಳು, ಯಾಕಂದರೆ ಹೊರಗಿದ್ದವಳು ಒಬ್ಬಳೇ. ಅದನ್ನು ವಿವರಿಸುವ ಆಸೆ ಆಗುತ್ತದೆ. ಬೇಡ. ಕೊನೆಯ ನಿಮಿಷಗಳಲ್ಲಿ ಜನರ ತಲೆಯಲ್ಲಿ ಇರಬೇಕಾದದ್ದು "ನೀಲಿ ಎರಡೇ" ಅನ್ನುವುದೊಂದೇ.

ನಾಲ್ಕನೇ ರೈಡ್, ನೀಲಿ. ರೈಡರ್ ಹುಷಾರಾಗಿ ಮೊದಲ ಗೆರೆ ದಾಟಿ ಖಾಲಿ ಬಂದಳು. ಇಂಥ ರೈಡ್‌ನಲ್ಲಿ ಕಿರುಚಬೇಡಿ. ದನಿ ಇಳಿಸಿ, ಮುಂದಿನದಕ್ಕೆ ಹಾಸು ಹಾಕಿ: "ಖಾಲಿ ಬಂದಳು, ಜಾಣತನ. ಹೊತ್ತು ಕಳೀತಿದ್ದಾಳೆ. ಮೂರು ಪಾಯಿಂಟ್ ಮುಂದಿದ್ದಾರೆ. ಆದ್ರೆ ಮನೆಯಲ್ಲಿ ಇಬ್ಬರೇ. ಇಬ್ಬರೂ ಹೋದ್ರೆ ಪೂರ್ತಿ ಮನೆ ಖಾಲಿ."

ಇದೊಂದೇ ಕಡೆ ನಿಯಮ ಘಟನೆಗಿಂತ ಮುಂಚೆ ಬಂತು. ಲೋನಾ ಏನು ಅಂತ ಜನಕ್ಕೆ ಮೊದಲ ಅವಧಿಯಲ್ಲೇ ಗೊತ್ತಾಗಿದೆ, ಹಾಗಾಗಿ ಇದು ಪಾಠವಲ್ಲ, ಬೆದರಿಕೆ.

ಐದನೇ ರೈಡ್, ಕೆಂಪು. "ಕೆಂಪು ಹತ್ತು, ಮತ್ತೆ ಅವಳೇ… ಇಬ್ಬರೂ ಕೈ ಕೈ ಹಿಡಿದಿದ್ದಾರೆ… ಒಬ್ಬಳ ಭುಜ… ಇನ್ನೊಬ್ಬಳು ಮೇಲೆ ಬಿದ್ದಳು… ಕೈ ಚಾಚಿದಳು…" (ಮೌನ. ಎಷ್ಟು ಹೊತ್ತಾದರೂ ಸರಿ.) "ಅಂಪೈರ್ ಕೈ ನೋಡಿ… ಕೆಂಪಿಗೆ! ಇಬ್ಬರೂ ಔಟ್! ಲೋನಾ! ಎರಡು ಮತ್ತೆರಡು, ನಾಲ್ಕು! 27, 26! ಕೆಂಪು ಮುಂದೆ!"

"ಎರಡು ಮತ್ತೆರಡು" ಅಂತ ಬಿಡಿಸಿ ಹೇಳಲೇಬೇಕು. ಬರೀ "27" ಅಂದರೆ 23 ಇದ್ದದ್ದು ಹೇಗೆ ಜಿಗಿಯಿತು ಅಂತ ಅರ್ಧ ಜನ ಸ್ಕೋರ್ ಬೋರ್ಡ್ ಕಡೆ ತಿರುಗುತ್ತಾರೆ, ಅಷ್ಟರಲ್ಲಿ ನೀಲಿ ಏಳೂ ಜನ ಒಳಗೆ ಬಂದು ಮುಂದಿನ ರೈಡ್ ಶುರುವಾಗಿರುತ್ತದೆ.

## ಹಂತ 7: ಹಾದಿ ತಪ್ಪುತ್ತಿದೆ ಅಂತ ತಿಳಿಯುವುದು ಹೇಗೆ

ಜನರ ಮುಖ ನೋಡಿ. ಅವರು ಅಂಕಣ ಬಿಟ್ಟು ನಿಮ್ಮನ್ನೋ ಹಾರ್ನನ್ನೋ ನೋಡುತ್ತಿದ್ದರೆ ಮಾತು ಜಾಸ್ತಿ ಆಗಿದೆ. ಪಾಯಿಂಟ್ ಬಂದ ಮೇಲೆ ಪಕ್ಕದವರ ಕಡೆ ತಿರುಗಿ ಕೇಳುತ್ತಿದ್ದರೆ ಚೀಟಿ ಬಿಟ್ಟುಹೋಗಿದೆ. ಎರಡನೇ ಅವಧಿಯ ಹೊತ್ತಿಗೆ ನೀವು ಹೇಳುವ ಮುಂಚೆ ಹಿಂದಿನ ಸಾಲಿನ ಅಜ್ಜಿ "ಮೂರೇ ಜನ ಇದಾರೆ, ಹಿಡೀರೇ!" ಅಂದರೆ ಸೂಪರ್ ಟ್ಯಾಕಲ್ ಚೀಟಿಯನ್ನು ಮಡಿಸಿ ಇಡಿ.

ಆಟಗಾರ್ತಿಯರ ಮೇಲೂ ಒಂದು ಕಣ್ಣಿರಲಿ. ರೈಡರ್ ನಿಮ್ಮ ಮಾತು ಕೇಳಿ ತಿರುಗಿದರೆ ನೀವು ಆಟದೊಳಗೆ ಕೈ ಹಾಕಿದ್ದೀರಿ. "ಹಿಂದೆ ಬರ್ತಿದ್ದಾಳೆ ನೋಡು!" "ಐದೇ ಸೆಕೆಂಡು ಉಳಿದಿದೆ!" ಇಂಥವು ವಿವರಣೆ ಅಲ್ಲ, ಒಂದು ತಂಡಕ್ಕೆ ಸಹಾಯ. ರೈಡಿನ ಗಡಿಯಾರವನ್ನು ಮೈಕಲ್ಲಿ ಎಣಿಸಲೇಬೇಡಿ. ಸಾಯಂಕಾಲ ಕೋಚ್ ಬಂದು ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಯಾರಾದರೂ ಬಿದ್ದು ಏಳದಿದ್ದರೆ ಮೈಕ್ ಆಫ್ ಮಾಡಿ. "ಪೆಟ್ಟಾಗಿದೆಯೋ ಏನೋ" ಅನ್ನುವ ಊಹೆ ಬೇಡ, ತಾಯಿ ಎಲ್ಲೋ ಹಿಂದೆ ಕೂತಿರುತ್ತಾಳೆ. ಬಿದ್ದವಳು ಎದ್ದು ನಡೆದ ಮೇಲೆ ಹೆಸರು ಹೇಳಿ, ಚಪ್ಪಾಳೆ ತಾನಾಗಿಯೇ ಬರುತ್ತದೆ.

ಕೊನೆಯ ಸೀಟಿ ಊದಿದ ಮೇಲೂ "ಕೆಂಪು ಗೆದ್ದಿತು" ಅನ್ನಲು ಅವಸರ ಮಾಡಬೇಡಿ. ನಡೆಯುತ್ತಿರುವ ರೈಡ್ ಮುಗಿದು, ಸ್ಕೋರರ್ ಹಾಳೆ ನೋಡಿ ರೆಫರಿ ಫಲಿತಾಂಶ ಹೇಳುವವರೆಗೆ ಕಾಯಿರಿ. ಆ ಹೊತ್ತಿಗೆ ನಿಮ್ಮ ಹುಡುಗ ಮೇಜಿನ ಹತ್ತಿರ ನಿಂತಿರಲಿ. ಅವನು ಕೈ ಎತ್ತಿದ ಮೇಲೆ ಅಂಕ ಓದಿ, ಮೊದಲು ಸೋತ ತಂಡದ್ದು, ಆಮೇಲೆ ಗೆದ್ದವರದ್ದು. ಸೋತವರ ಅಂಕ ಮೊದಲು ಓದಿದರೆ ಅದೂ ಕೇಳಿಸುತ್ತದೆ. ಗೆದ್ದವರದ್ದು ಮೊದಲು ಓದಿದರೆ ಮುಂದಿನ ಮಾತು ತಮಟೆಯಲ್ಲಿ ಮುಳುಗಿಹೋಗುತ್ತದೆ.